ಮದುವೆಯಾಯ್ತು, ಮಗುವೂ ಆಯ್ತು: ಕಂಪನಿ ಆರೋಗ್ಯ ವಿಮೆಗೆ 30 ದಿನದೊಳಗೆ ಹೆಸರು ಸೇರಿಸುವುದು ಹೀಗೆ

ಬೆಂಗಳೂರಿನ ಕಂಪನಿಯಲ್ಲಿ ಕೆಲಸ, ಮನೆ ತೀರ್ಥಹಳ್ಳಿ ಕಡೆ, ಹೆಂಡತಿಯ ತವರು ಸಾಗರದಲ್ಲಿ. ಮಲೆನಾಡಿನಲ್ಲಿ ಇಂಥ ಮನೆಗಳು ಈಗ ಎಷ್ಟೋ ಇವೆ. ಇವರಿಗೆ ಕಂಪನಿಯೇ ಆರೋಗ್ಯ ವಿಮೆ ಕೊಟ್ಟಿರುತ್ತದೆ. ಇಡೀ ಕುಟುಂಬಕ್ಕೆ ಅನ್ವಯಿಸುವ ಗ್ರೂಪ್ ಪಾಲಿಸಿ ಅದು. ಆದರೆ ಹೆಂಡತಿಯಾಗಲಿ ಮಗುವಾಗಲಿ ಅದರೊಳಗೆ ತಾವಾಗಿ ಬಂದು ಸೇರುವುದಿಲ್ಲ. ಮದುವೆಯಾದ ಅಥವಾ ಮಗು ಹುಟ್ಟಿದ ಇಷ್ಟು ದಿನದೊಳಗೆ ನಾವೇ ಹೆಸರು ಕೊಡಬೇಕು. ಹೆಚ್ಚಿನ ಕಂಪನಿಗಳಲ್ಲಿ ಆ ಗಡುವು 30 ದಿನ. ಕೆಲವು ಕಡೆ 15 ಇರುತ್ತದೆ, ಕೆಲವು ಕಡೆ 45 ಅಥವಾ 60. ಗಡುವು ದಾಟಿದರೆ ಮುಂದಿನ ವರ್ಷ ಪಾಲಿಸಿ ನವೀಕರಣವಾಗುವ ತನಕ ಕಾಯಬೇಕು.

30 ದಿನ ಅಂದರೆ ಬೇಕಾದಷ್ಟಾಯ್ತು ಅನ್ನಿಸುತ್ತದೆ, ಅಲ್ವಾ? ನಮ್ಮ ಕಡೆ ಅದು ಸಾಲದೇ ಹೋಗುವುದಕ್ಕೆ ಕಾರಣಗಳಿವೆ. ಹೆರಿಗೆ ತವರೂರಿನಲ್ಲಿ, ಕೆಲಸ ಬೇರೆ ಊರಿನಲ್ಲಿ. ಪುರುಡು ಕಳೆಯಲಿ, ನಾಮಕರಣ ಆಗಲಿ, ಹೆಸರಿರುವ ಜನನ ಪ್ರಮಾಣಪತ್ರ ಕೈಗೆ ಬರಲಿ ಅಂತ ಕಾಯುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಕಾಯುವ ಅಗತ್ಯವೇ ಇಲ್ಲ.

ಮೊದಲು ಪಾಲಿಸಿಯಲ್ಲಿ ಮೂರು ಸಾಲು ಹುಡುಕಿ

ಎಚ್‌ಆರ್ ಕಳಿಸುವ ದಪ್ಪನೆಯ ಪಿಡಿಎಫ್ ಪೂರ್ತಿ ಓದಬೇಕಿಲ್ಲ. ಪಾಲಿಸಿಯ ಸಾರಾಂಶ ಅಂತ ಒಂದೆರಡು ಪುಟದ ಪಟ್ಟಿ ಇರುತ್ತದೆ. ಅದರಲ್ಲಿ ಮೂರು ವಿಷಯ ನೋಡಿದರೆ ಸಾಕು.

ಮೊದಲನೆಯದು, ಕುಟುಂಬ ಅಂದರೆ ಯಾರು ಯಾರು ಅನ್ನುವುದು. `1+3` ಅಂತ ಇದ್ದರೆ ನೌಕರ, ಅವರ ಪತಿ ಅಥವಾ ಪತ್ನಿ, ಇಬ್ಬರು ಮಕ್ಕಳು. `1+5` ಅಂತ ಇದ್ದರೆ ಇವರ ಜೊತೆಗೆ ಅಪ್ಪ ಅಮ್ಮನೂ ಬರುತ್ತಾರೆ. ಅಪ್ಪ ಅಮ್ಮನ ಬದಲು ಅತ್ತೆ ಮಾವನನ್ನು ಸೇರಿಸಲು ಎಷ್ಟೋ ಕಂಪನಿಗಳು ಬಿಡುತ್ತವೆ. ಆದರೆ ಒಬ್ಬರು ಇವರ ಕಡೆ, ಒಬ್ಬರು ಅವರ ಕಡೆ ಅಂತ ಬೆರೆಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎರಡನೆಯದು, ವರ್ಷದ ಮಧ್ಯೆ ಯಾರನ್ನು ಸೇರಿಸಬಹುದು, ಎಷ್ಟು ದಿನದೊಳಗೆ ಅನ್ನುವುದು. ಇಲ್ಲಿ ಹೆಚ್ಚಾಗಿ ಇಬ್ಬರಿಗೆ ಮಾತ್ರ ಅವಕಾಶ: ಹೊಸದಾಗಿ ಮದುವೆಯಾದ ಸಂಗಾತಿಗೆ ಮತ್ತು ಹೊಸದಾಗಿ ಹುಟ್ಟಿದ ಮಗುವಿಗೆ. ಅಪ್ಪ ಅಮ್ಮನನ್ನು ಸೇರಿಸಬೇಕಾದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಥವಾ ನವೀಕರಣದ ಹೊತ್ತಿನಲ್ಲಿ. ಮಧ್ಯದಲ್ಲಿ ಅಪ್ಪನಿಗೆ ಹುಷಾರು ತಪ್ಪಿತು ಅಂತ ಹೆಸರು ಸೇರಿಸಲು ಹೋದರೆ ಬಾಗಿಲು ಮುಚ್ಚಿರುತ್ತದೆ.

ಮೂರನೆಯದು, ಮಗುವಿಗೆ ಹುಟ್ಟಿದ ಮೊದಲ ದಿನದಿಂದಲೇ ರಕ್ಷಣೆ ಇದೆಯಾ, ಇದ್ದರೆ ಅದರ ಖರ್ಚು ಹೆರಿಗೆಯ ಮಿತಿಯೊಳಗೆ ಬರುತ್ತದಾ, ಇಲ್ಲಾ ಕುಟುಂಬದ ಪೂರ್ತಿ ವಿಮಾ ಮೊತ್ತದಿಂದ ಬರುತ್ತದಾ ಅನ್ನುವುದು. ಇದು ಸಣ್ಣ ಅಕ್ಷರದ ಸಾಲು. ಆದರೆ ದುಡ್ಡಿನ ಲೆಕ್ಕದಲ್ಲಿ ಇದೇ ದೊಡ್ಡದು. ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮದುವೆಯ ನಂತರ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಘು ಅಂತ ಒಬ್ಬ, ಸಹನಾ ಅಂತ ಅವನ ಹೆಂಡತಿ. ರಘುವಿನ ಕಂಪನಿಯ ಪಾಲಿಸಿ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಹೆಸರು ಸೇರಿಸುವ ಕಿಟಕಿ ಏಪ್ರಿಲ್ 15ಕ್ಕೆ ಮುಚ್ಚಿತು. ಮದುವೆ ಆಗಿದ್ದು ಏಪ್ರಿಲ್ 25ಕ್ಕೆ. ಕಿಟಕಿ ತೆರೆದಿದ್ದಾಗ ಸಹನಾ ಇನ್ನೂ ಹೆಂಡತಿ ಅಲ್ಲ. ಹಾಗಾಗಿ ಅವಳಿಗೆ ಮದುವೆಯ ದಿನದಿಂದ 30 ದಿನ ಸಿಗುತ್ತದೆ.

ಎಣಿಸುವಾಗ ಮದುವೆಯ ದಿನವನ್ನೇ ಒಂದನೇ ದಿನ ಅಂತ ಹಿಡಿಯಿರಿ. ಮರುದಿನದಿಂದ ಎಣಿಸುವ ಕಂಪನಿಯಾದರೆ ನಿಮಗೆ ಒಂದು ದಿನ ಲಾಭ, ಅಷ್ಟೇ. ಏಪ್ರಿಲ್ 25 ಒಂದನೇ ದಿನವಾದರೆ ಮೇ 24ಕ್ಕೆ 30 ತುಂಬಿತು. ಕೊನೇ ದಿನ ಭಾನುವಾರವೋ ರಜೆಯೋ ಆದರೆ ಸೋಮವಾರ ಒಪ್ಪುತ್ತಾರೆ ಅಂದುಕೊಳ್ಳಬೇಡಿ. ಹೆಸರು ತುಂಬುವ ವಿಮೆಯ ಪೋರ್ಟಲ್‌ಗೆ ರಜೆ ಗೊತ್ತಿಲ್ಲ, ತಾರೀಖು ಮಾತ್ರ ಗೊತ್ತು.

ದಾಖಲೆಯ ವಿಷಯ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದಕ್ಕಾಗಿ ಗಡುವು ಕಳೆದುಕೊಳ್ಳಬೇಡಿ. ಸುಮಾರು ಕಂಪನಿಗಳು ಲಗ್ನಪತ್ರಿಕೆ, ಮದುವೆಯ ಫೋಟೊ ಅಥವಾ ಒಂದು ಸ್ವಯಂ ಘೋಷಣೆಯನ್ನೇ ಒಪ್ಪುತ್ತವೆ. ಕೆಲವು ಕಡೆ ಏನನ್ನೂ ಕೇಳದೆ ಮದುವೆಯ ತಾರೀಖು ಮಾತ್ರ ತುಂಬಿಸಿಕೊಳ್ಳುತ್ತಾರೆ. ಲಗ್ನಪತ್ರಿಕೆ ಕೊಡುವುದಾದರೆ ಒಂದು ಎಚ್ಚರ: ಅದರಲ್ಲಿ ಮುಹೂರ್ತ ಒಂದು ದಿನ, ಆರತಕ್ಷತೆ ಇನ್ನೊಂದು ದಿನ ಇರುತ್ತದೆ. ತುಂಬಬೇಕಾದದ್ದು ಮುಹೂರ್ತದ ದಿನ.

ಹೆಂಡತಿಯ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ ತುಂಬಿ. ಮದುವೆಯಾದ ಖುಷಿಯಲ್ಲಿ ಗಂಡನ ಹೆಸರನ್ನು ಮುಂದೆ ಅಂಟಿಸಿ `Sahana Raghu` ಅಂತ ಬರೆದರೆ, ನಾಳೆ ಆಸ್ಪತ್ರೆಯ ಕೌಂಟರಿನಲ್ಲಿ `Sahana K S` ಅಂತ ಇರುವ ಆಧಾರ್ ಜೊತೆ ತಾಳೆಯಾಗುವುದಿಲ್ಲ. ಆಧಾರ್‌ನಲ್ಲಿ ಹೆಸರು ಬದಲಾಯಿಸಿದ ಮೇಲೆ ವಿಮೆಯ ಕಾರ್ಡಿನಲ್ಲೂ ತಿದ್ದಿಸಬಹುದು. ಹೆಸರಿನ ತಿದ್ದುಪಡಿಗೆ ಈ ಗಡುವಿನ ಕಾಟ ಇರುವುದಿಲ್ಲ.

ಇನ್ನೊಂದು ಮಾತು. ಸಹನಾಳಿಗೂ ಕೆಲಸ ಇದೆ, ಅವಳ ಕಂಪನಿಯಲ್ಲೂ ವಿಮೆ ಇದೆ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಹೆರಿಗೆಯ ಹೊತ್ತಿಗೆ ಅವಳು ಕೆಲಸ ಬಿಡಬಹುದು. ಬಿಟ್ಟ ದಿನವೇ ಆ ವಿಮೆಯೂ ಹೋಗುತ್ತದೆ. ಆಮೇಲೆ ರಘುವಿನ ಪಾಲಿಸಿಗೆ ಬರಲು ನೋಡಿದರೆ ಮದುವೆಯ ಗಡುವು ಮುಗಿದಿರುತ್ತದೆ. ಎರಡೂ ಕಡೆ ಹೆಸರಿದ್ದರೆ ತಪ್ಪೇನೂ ಇಲ್ಲ. ಒಂದು ಕಡೆಯ ಮಿತಿ ಮುಗಿದರೆ ಉಳಿದ ಬಿಲ್ಲನ್ನು ಇನ್ನೊಂದು ಕಡೆ ಕೇಳಬಹುದು. ಮೂಲ ಬಿಲ್ಲುಗಳು ಮೊದಲನೆಯವರ ಹತ್ತಿರ ಇರುವುದರಿಂದ, ಅವರಿಂದ ಎಷ್ಟು ಕೊಟ್ಟೆವು ಅನ್ನುವ ಸೆಟ್ಲ್‌ಮೆಂಟ್ ಪತ್ರ ಮತ್ತು ಬಿಲ್ಲಿನ ದೃಢೀಕೃತ ಪ್ರತಿ ಪಡೆದು ಎರಡನೆಯವರಿಗೆ ಕೊಡಬೇಕು.

ಮಗು ಹುಟ್ಟುವ ಮುಂಚೆ

ಈ ಕೆಲಸದ ಅರ್ಧ ಭಾಗ ಎಂಟನೇ ತಿಂಗಳಿನಲ್ಲೇ ಮುಗಿಯಬೇಕು. ಹೆರಿಗೆಗೆ ಅಂತ ಯೋಚಿಸಿದ ಆಸ್ಪತ್ರೆ ನಿಮ್ಮ ವಿಮೆಯ ನೆಟ್‌ವರ್ಕ್ ಪಟ್ಟಿಯಲ್ಲಿ ಇದೆಯಾ ನೋಡಿ. ಬೆಂಗಳೂರಿನ ನೂರು ಆಸ್ಪತ್ರೆ ಪಟ್ಟಿಯಲ್ಲಿದ್ದರೂ ಸಾಗರ, ಹೊಸನಗರ, ಕೊಪ್ಪದ ಕಡೆ ಒಂದೂ ಇರದೇ ಇರಬಹುದು. ಆಗ ಕೈಯಿಂದ ಕಟ್ಟಿ, ಆಮೇಲೆ ವಾಪಸ್ ಪಡೆಯಬೇಕು. ಅದಕ್ಕೆ ದುಡ್ಡು ಹೊಂದಿಸಿಕೊಳ್ಳಬೇಕು. ಶಿವಮೊಗ್ಗದ ಜೊತೆಗೆ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳನ್ನೂ ನೋಡಿಟ್ಟುಕೊಳ್ಳಿ. ಎಳೆ ಮಗುವಿಗೆ ಏನಾದರೂ ಹೆಚ್ಚಿನ ತೊಂದರೆಯಾದರೆ ನಮ್ಮ ಕಡೆಯಿಂದ ಘಟ್ಟ ಇಳಿಸಿ ಅಲ್ಲಿಗೇ ಕಳಿಸುವುದು ಹೆಚ್ಚು.

ಅಪ್ಪನಾಗುವವನು ರಜೆ ಹಾಕಿ ಊರಿಗೆ ಹೊರಡುವಾಗ, ವಿಮೆಯ ಪೋರ್ಟಲ್ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯುತ್ತದಾ, ಮೊಬೈಲಿನಲ್ಲೂ ತೆರೆಯುತ್ತದಾ ಅಂತ ಒಂದು ಸಲ ಪರೀಕ್ಷೆ ಮಾಡಿಕೊಳ್ಳಲಿ. ಎಚ್‌ಆರ್ ಮೇಲ್ ವಿಳಾಸ, ಟಿಪಿಎ ಸಹಾಯವಾಣಿ ಸಂಖ್ಯೆ ಮೊಬೈಲಿನಲ್ಲಿ ಇರಲಿ. ಟಿಪಿಎ ಅಂದರೆ ವಿಮಾ ಕಂಪನಿಯ ಪರವಾಗಿ ಆಸ್ಪತ್ರೆ ಜೊತೆ ವ್ಯವಹರಿಸುವವರು. ಜೂನ್, ಜುಲೈ ಮಳೆಯಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರಿನಿಂದ ಪೋರ್ಟಲ್ ತೆರೆಯಲು ಹೋಗುವುದು ನಿಮಗೂ ಗೊತ್ತಿರುವ ಕಥೆಯೇ.

ಹುಟ್ಟಿದ ದಿನದಿಂದ ಲೆಕ್ಕ

ಮದುವೆಯ ಮರುವರ್ಷ ಜೂನ್ 9ಕ್ಕೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಸಹನಾಳಿಗೆ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತು ಅನ್ನೋಣ. ಆ ದಿನವೇ ಒಂದನೇ ದಿನ. ಜೂನ್ 30ಕ್ಕೆ 22 ದಿನ, ಜುಲೈ 8ಕ್ಕೆ 30. ರಘು ಮಾಡಬೇಕಾದದ್ದು ಜುಲೈ 8ರ ಕೆಲಸ ಅಲ್ಲ, ಜೂನ್ 10ರ ಕೆಲಸ.

ಅವತ್ತು ಅವನು ಎಚ್‌ಆರ್‌ಗೆ ನಾಲ್ಕು ಸಾಲಿನ ಮೇಲ್ ಹಾಕಬೇಕು. ಮಗು ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ತಾಯಿಯ ಹೆಸರು, ಆಸ್ಪತ್ರೆಯ ಹೆಸರು, ತನ್ನ ನೌಕರ ಸಂಖ್ಯೆ. ಇಷ್ಟು ಸಾಕು. ಪೋರ್ಟಲ್‌ನಲ್ಲಿ ಆಮೇಲೆ ತುಂಬಿದರೂ ಈ ಮೇಲ್‌ನ ತಾರೀಖು ನಿಮ್ಮ ಪರ ಸಾಕ್ಷಿ. ಫೋನಿನಲ್ಲಿ ಹೇಳಿದ್ದು, ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇಡೀ ತಂಡ ಶುಭಾಶಯ ಹೇಳಿರುತ್ತದೆ, ಆದರೆ ಪಾಲಿಸಿಯಲ್ಲಿ ಮಗು ಇರುವುದಿಲ್ಲ.

ಇನ್ನು ಹೆಸರು. ಪೋರ್ಟಲ್‌ನಲ್ಲಿ ಹೆಸರಿನ ಜಾಗ ಖಾಲಿ ಬಿಡಲು ಆಗುವುದಿಲ್ಲ. ಅಲ್ಲಿ `Baby of Sahana` ಅಂತ ತುಂಬಿ. ಆಸ್ಪತ್ರೆಯ ಕಾಗದದಲ್ಲೂ ಮಗು `B/O Sahana` ಅಂತಲೇ ಇರುತ್ತದೆ. ಹಾಗಾಗಿ ಎರಡೂ ತಾಳೆಯಾಗುತ್ತವೆ. ನಾಮಕರಣ ಆದ ಮೇಲೆ ಹೆಸರು ತಿದ್ದಿಸಿಕೊಳ್ಳಬಹುದು. ಅವಳಿ ಮಕ್ಕಳಾದರೆ ಇಬ್ಬರಿಗೂ ಬೇರೆ ಬೇರೆ ಸಾಲು ತುಂಬಬೇಕು. ಆಸ್ಪತ್ರೆ ಕೊಟ್ಟ ಕ್ರಮಕ್ಕೆ ಸರಿಯಾಗಿ 1, 2 ಅಂತ ಗುರುತು ಹಾಕಬೇಕು.

ದಾಖಲೆಯಾಗಿ ಮೊದಲಿಗೆ ಆಸ್ಪತ್ರೆಯ ಜನನ ಚೀಟಿ ಅಥವಾ ಡಿಸ್ಚಾರ್ಜ್ ಸಮ್ಮರಿ ಹಾಕಿ. ಜನನ ಪ್ರಮಾಣಪತ್ರವೇ ಬೇಕು ಅಂದರೂ ಅದು ಅಷ್ಟು ಕಷ್ಟವಲ್ಲ. ಜನನವನ್ನು 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕಳಿಸುವ ಹೊಣೆ ಆಸ್ಪತ್ರೆಯದೇ. ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ಮನೆ ಇರುವ ಜಾಗದಲ್ಲಿ ಅಲ್ಲ. ರಘುವಿನ ಮನೆ ತೀರ್ಥಹಳ್ಳಿಯಾದರೂ ಮಗು ಹುಟ್ಟಿದ್ದು ಶಿವಮೊಗ್ಗ ನಗರದಲ್ಲಿ, ಹಾಗಾಗಿ ತೀರ್ಥಹಳ್ಳಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಎಲ್ಲಿ ಯಾವಾಗ ಸಿಗುತ್ತದೆ ಅಂತ ಡಿಸ್ಚಾರ್ಜ್ ಆಗುವ ದಿನವೇ ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ.

ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇಲ್ಲದಿದ್ದರೂ ಅದು ಪೂರ್ಣ ಪ್ರಮಾಣಪತ್ರವೇ. ಹುಟ್ಟಿದ ತಾರೀಖು, ಅಪ್ಪ ಅಮ್ಮನ ಹೆಸರು ಇದ್ದರೆ ವಿಮೆಯವರಿಗೆ ಸಾಕು. ನೋಂದಣಿಯಾದ ಒಂದು ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅಜ್ಜಿ ಒಂದು ಹೆಸರು, ಅತ್ತೆ ಇನ್ನೊಂದು ಹೆಸರು ಅಂತ ಆರಾಮವಾಗಿ ಚರ್ಚೆ ಮಾಡಿಕೊಳ್ಳಲಿ, ಸಮಯ ಇದೆ. ಆದರೆ ಆಸ್ಪತ್ರೆಯ ಅರ್ಜಿಯಲ್ಲಿ ಅಪ್ಪ ಅಮ್ಮನ ಹೆಸರಿನ ಕಾಗುಣಿತ ಮಾತ್ರ ಆಧಾರ್‌ನಂತೆಯೇ ಇರಬೇಕು. ಈ ಅರ್ಜಿ ತುಂಬುವವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಜೊತೆಗಿದ್ದ ಚಿಕ್ಕಮ್ಮನೋ ಭಾವನೋ ಆಗಿರುತ್ತಾರೆ. ಕೊಡುವ ಮುಂಚೆ ನೀವೇ ಒಂದು ಸಲ ಓದಿ.

ತಾಯಿಯ ಬಿಲ್ಲು ಬೇರೆ, ಮಗುವಿನ ಬಿಲ್ಲು ಬೇರೆ

ಮೇಲೆ ಹೇಳಿದ ಮೂರನೆಯ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಹನಾಳ ಮಗುವಿಗೆ ಮೂರನೇ ದಿನ ಕಾಮಾಲೆ ಜಾಸ್ತಿ ಕಂಡಿತು. ಡಾಕ್ಟರು ಮಗುವನ್ನು ನೀಲಿ ದೀಪದ ಕೆಳಗೆ ಇಟ್ಟರು. ಎಳೆ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಡಿಸ್ಚಾರ್ಜ್ ಹೊತ್ತಿಗೆ ತಾಯಿಯ ಖರ್ಚು 82,000 ರೂಪಾಯಿ, ಮಗುವಿನದು 21,000 ರೂಪಾಯಿ. ಪಾಲಿಸಿಯಲ್ಲಿ ಹೆರಿಗೆಯ ಮಿತಿ 60,000. ಕುಟುಂಬದ ವಿಮಾ ಮೊತ್ತ 3 ಲಕ್ಷ.

ಆಸ್ಪತ್ರೆಯವರು ಎಲ್ಲಾ ಸೇರಿಸಿ ಸಹನಾಳ ಹೆಸರಿನಲ್ಲಿ 1,03,000 ರೂಪಾಯಿಯ ಒಂದೇ ಬಿಲ್ಲು ಮಾಡಿದರೆ ಅದು ಹೆರಿಗೆಯ ಬಿಲ್ಲು ಅಂತಲೇ ಆಗುತ್ತದೆ. ವಿಮೆ 60,000ಕ್ಕೆ ನಿಲ್ಲುತ್ತದೆ. ಉಳಿದ 43,000 ಕೈಯಿಂದ. ಮಗುವಿಗೆ ಬೇರೆ ಒಳರೋಗಿ ಸಂಖ್ಯೆ, ಬೇರೆ ಬಿಲ್ಲು, ಬೇರೆ ಡಿಸ್ಚಾರ್ಜ್ ಸಮ್ಮರಿ ಮಾಡಿಸಿದರೆ ಮಗುವಿನ 21,000 ರೂಪಾಯಿಯನ್ನು ಕುಟುಂಬದ ವಿಮಾ ಮೊತ್ತದಿಂದ ಕೇಳಬಹುದು. ಆಗ ಕೈಯಿಂದ ಹೋಗುವುದು 22,000, ಜೊತೆಗೆ ವಿಮೆಗೆ ಬಾರದ ಡೈಪರ್, ಗ್ಲೌಸ್‌ನಂಥ ಚಿಲ್ಲರೆ ಖರ್ಚು. ಪಾಲಿಸಿಯಲ್ಲಿ ಮಗುವಿನ ಖರ್ಚೂ ಹೆರಿಗೆ ಮಿತಿಯೊಳಗೆ ಅಂತ ಬರೆದಿದ್ದರೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೇ ಮೊದಲೇ ನೋಡಿ ಅಂದಿದ್ದು.

ಬೇರೆ ಬಿಲ್ಲು ಬೇಕು ಅನ್ನುವುದನ್ನು ಮಗುವನ್ನು ಎನ್‌ಐಸಿಯುಗೆ, ಅಂದರೆ ಎಳೆ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಸೇರಿಸುವಾಗಲೇ ಬಿಲ್ಲಿಂಗ್ ಕೌಂಟರಿನಲ್ಲಿ ಹೇಳಿ. ಡಿಸ್ಚಾರ್ಜ್ ದಿನ ಮಧ್ಯಾಹ್ನ ಹೇಳಿದರೆ ಬಿಲ್ಲು ಒಡೆಯಲು ಯಾರೂ ತಯಾರಿರುವುದಿಲ್ಲ. ಮಗು ಇನ್ನೂ ಪಾಲಿಸಿಗೆ ಸೇರಿಲ್ಲವಲ್ಲ, ನಗದುರಹಿತ ಚಿಕಿತ್ಸೆ ಹೇಗೆ ಅಂತ ಕೇಳುತ್ತಾರೆ. ಮೊದಲ ದಿನದ ರಕ್ಷಣೆ ಇದ್ದರೆ ತಾಯಿಯ ಕಾರ್ಡಿನ ಆಧಾರದ ಮೇಲೆ ಟಿಪಿಎಗೆ ಕೋರಿಕೆ ಕಳಿಸಬಹುದು. ಟಿಪಿಎ ಒಪ್ಪದಿದ್ದರೆ ಮಗುವಿನ ಬಿಲ್ಲನ್ನು ನೀವೇ ಕಟ್ಟಿ, ಹೆಸರು ಸೇರಿದ ಮೇಲೆ ವಾಪಸ್ ಕೇಳಿ. ಆದರೆ ಆಸ್ಪತ್ರೆಗೆ ಸೇರಿಸಿದ ವಿಷಯವನ್ನು ಸಹಾಯವಾಣಿಗೆ ಅವತ್ತೇ ತಿಳಿಸಿ, ತಿಳಿಸಿದ್ದಕ್ಕೆ ಅವರು ಕೊಡುವ ಉಲ್ಲೇಖ ಸಂಖ್ಯೆ ಪಡೆದಿರಬೇಕು.

ತುಂಬಿದ ಮೇಲೆ ಕೆಲಸ ಮುಗಿಯಲಿಲ್ಲ

ಪೋರ್ಟಲ್‌ನಲ್ಲಿ ಹಸಿರು ಟಿಕ್ ಬಂದರೆ ನಿಮ್ಮ ಅರ್ಜಿ ಎಚ್‌ಆರ್‌ಗೆ ಮುಟ್ಟಿದೆ ಅಂತ ಅರ್ಥ. ಎಚ್‌ಆರ್ ಇಂಥ ಹೆಸರುಗಳನ್ನೆಲ್ಲ ಒಟ್ಟು ಮಾಡಿ, ಸಾಮಾನ್ಯವಾಗಿ ತಿಂಗಳಿಗೊಮ್ಮೆ, ವಿಮಾ ಕಂಪನಿಗೆ ಕಳಿಸುತ್ತಾರೆ. ಅವರು ಪಾಲಿಸಿಗೆ ಸೇರ್ಪಡೆ ಪತ್ರ ಹೊರಡಿಸುತ್ತಾರೆ. ಇದಕ್ಕೆ ಪ್ರೀಮಿಯಂ ಕಡಿತವಾಗುವುದು ಕಂಪನಿಯು ವಿಮೆಯವರ ಬಳಿ ಮುಂಗಡವಾಗಿ ಇಟ್ಟ ಠೇವಣಿಯಿಂದ. ಅದನ್ನು ಸಿಡಿ ಬ್ಯಾಲೆನ್ಸ್ ಅನ್ನುತ್ತಾರೆ. ಅದರಲ್ಲಿ ದುಡ್ಡಿಲ್ಲದಿದ್ದರೆ ನಿಮ್ಮ ಮಗುವಿನ ಹೆಸರು ಅಲ್ಲೇ ಸಾಲಿನಲ್ಲಿ ನಿಂತಿರುತ್ತದೆ. ನಿಮಗೆ ಯಾರೂ ಹೇಳುವುದಿಲ್ಲ. ಸಣ್ಣ ಕಂಪನಿಗಳಲ್ಲಿ ಹೀಗಾಗುವುದು ಜಾಸ್ತಿ.

ಹಾಗಾಗಿ ಹೆಸರು ಕೊಟ್ಟು ಮೂರ್ನಾಲ್ಕು ವಾರವಾದರೂ ಇ-ಕಾರ್ಡ್ ಬರದಿದ್ದರೆ, ಸೇರ್ಪಡೆ ಪತ್ರ ಆಗಿದೆಯಾ, ಸಿಡಿ ಬ್ಯಾಲೆನ್ಸ್ ಇದೆಯಾ ಅಂತ ಎಚ್‌ಆರ್‌ಗೆ ಬರಹದಲ್ಲೇ ಕೇಳಿ. ಕಾರ್ಡ್ ಬಂದ ಮೇಲೆ ಹುಟ್ಟಿದ ತಾರೀಖು, ಗಂಡು ಹೆಣ್ಣು, ಸಂಬಂಧ ಸರಿ ಇದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ರಕ್ಷಣೆ ಶುರುವಾದ ತಾರೀಖು ನೋಡಿ. ಸಹನಾಳ ಮಗುವಿಗೆ ಅದು ಜೂನ್ 9 ಇರಬೇಕು. ಎಚ್‌ಆರ್ ಕಳಿಸಿದ ತಾರೀಖು, ಅಂದರೆ ಜುಲೈ 1 ಅಂತ ಇದ್ದರೆ, ಮೂರನೇ ದಿನದ ಕಾಮಾಲೆಯ ಬಿಲ್ಲು ರಕ್ಷಣೆ ಶುರುವಾಗುವ ಮುಂಚಿನದು ಅಂತ ತಿರಸ್ಕಾರವಾಗುತ್ತದೆ. ಇದು ತಿದ್ದಿಸಬಹುದಾದ ತಪ್ಪು. ಜೂನ್ 10ರ ಆ ನಾಲ್ಕು ಸಾಲಿನ ಮೇಲ್ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲೇ.

ಮರುಪಾವತಿಯ ಕಾಗದಗಳಿಗೂ ಬೇರೆ ಗಡುವು ಇರುತ್ತದೆ, ಡಿಸ್ಚಾರ್ಜ್ ಆದ 15 ಅಥವಾ 30 ದಿನ ಅಂತ. ಕಾರ್ಡ್ ಬಂದಿಲ್ಲ ಅಂತ ಅದನ್ನು ತಡ ಮಾಡಬೇಡಿ. ಕಾಗದ ಸಲ್ಲಿಸಿ, ಮಗುವಿನ ಸೇರ್ಪಡೆ ಬಾಕಿ ಇದೆ ಅಂತ ಒಂದು ಸಾಲು ಬರೆಯಿರಿ.

ಅಪ್ಪ ಅಮ್ಮನ ವಿಷಯ

ಇದು ನವೀಕರಣದ ಸಮಯದ ಕೆಲಸ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ನಮ್ಮ ಕಡೆಯ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇರುವುದು ಮಾಮೂಲಿ. ನಿಜವಾದ ದಿನ ಜಾತಕದಲ್ಲಿ ಇದ್ದರೂ ವಿಮೆಗೆ ಆಧಾರ್‌ನ ದಿನವನ್ನೇ ಕೊಡಿ. ಎರಡು ಕಡೆ ಎರಡು ವಯಸ್ಸು ಇದ್ದರೆ ಕ್ಲೇಮ್ ಹೊತ್ತಿನಲ್ಲಿ ಪ್ರಶ್ನೆ ಬರುತ್ತದೆ. ಅಪ್ಪ ಅಮ್ಮನ ಪ್ರೀಮಿಯಂ ನಿಮ್ಮ ಸಂಬಳದಿಂದ ಕಡಿತ ಆಗುತ್ತದಾ, ಅವರ ಬಿಲ್ಲಿನಲ್ಲಿ ಶೇಕಡಾ 10 ಅಥವಾ 20 ನಾವು ಕಟ್ಟಬೇಕಾ ಅನ್ನುವುದನ್ನೂ ನೋಡಿ. ಒಮ್ಮೆ ಅಪ್ಪ ಅಮ್ಮ ಅಂತ ಆರಿಸಿದರೆ ವರ್ಷದ ಮಧ್ಯೆ ಅತ್ತೆ ಮಾವ ಅಂತ ಬದಲಾಯಿಸಲು ಆಗುವುದಿಲ್ಲ.

ಗಡುವು ತಪ್ಪಿದ್ದರೆ

ತಪ್ಪು ಕಂಪನಿಯದಾದರೆ, ಅಂದರೆ ನೀವು ಸಮಯಕ್ಕೆ ಕೊಟ್ಟಿದ್ದು ಅವರು ಕಳಿಸದೇ ಹೋದರೆ, ನಿಮ್ಮ ಮೇಲ್ ಪ್ರತಿ ಹಾಕಿ ಹಿಂದಿನ ತಾರೀಖಿನಿಂದ ಸೇರಿಸಲು ವಿಮೆಯವರನ್ನು ಕೇಳಿ ಅಂತ ಎಚ್‌ಆರ್‌ಗೆ ಬರೆಯಿರಿ. ಈ ಮಧ್ಯೆ ಯಾವ ಕ್ಲೇಮೂ ಇಲ್ಲದಿದ್ದರೆ ಒಪ್ಪುವ ಸಂಭವ ಇದೆ.

ತಪ್ಪು ನಮ್ಮದಾದರೆ ಕಾಯಬೇಕು, ಆ ಅವಧಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಸ್ವಂತ ದುಡ್ಡಿನಲ್ಲಿ ತೆಗೆದುಕೊಳ್ಳುವ ಕುಟುಂಬದ ಪಾಲಿಸಿ ಒಂದು ದಾರಿ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಇಲ್ಲ. ಆದರೆ ಅಲ್ಲಿ ನಿಯಮ ಬಿಗಿ. ಮಗುವನ್ನು ಸಾಮಾನ್ಯವಾಗಿ 90 ದಿನ ತುಂಬಿದ ಮೇಲೆಯೇ ಸೇರಿಸಿಕೊಳ್ಳುತ್ತಾರೆ. ಹೊಸದಾಗಿ ಸೇರಿದವರಿಗೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು.

ಇನ್ನೊಂದು ದಾರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಯೋಜನೆಯ ದರದ ಶೇಕಡಾ 30ರಷ್ಟು ಸರ್ಕಾರದಿಂದ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇಲ್ಲಿ 30 ದಿನದ ಗಡುವು ಇಲ್ಲ, ಕುಟುಂಬದಲ್ಲಿ ಇಷ್ಟೇ ಜನ ಅನ್ನುವ ಮಿತಿಯೂ ಇಲ್ಲ. ಆದರೆ ತುರ್ತು ಚಿಕಿತ್ಸೆ ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮ್ಮ ಜಿಲ್ಲೆಯವರು ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಯಾದರೆ ಶಿಫಾರಸು ಪತ್ರ ಪಡೆದು ಮುಂದೆ ಹೋಗಬೇಕಾಗುತ್ತದೆ. ಕುಟುಂಬದ ಲೆಕ್ಕ ಇಲ್ಲಿ ಪಡಿತರ ಚೀಟಿಯ ಮೇಲೆ ನಿಂತಿದೆ. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರ ಸಿಕ್ಕಿದ ಮೇಲೆ, ಪಡಿತರ ಚೀಟಿಗೆ ಹೆಸರು ಸೇರಿಸುವ ಅವಕಾಶ ತೆರೆದಿದೆಯಾ ಅಂತ ಗ್ರಾಮ ಒನ್‌ನಲ್ಲಿ ವಿಚಾರಿಸಿ ಆ ಕೆಲಸವನ್ನೂ ಮುಗಿಸಿಕೊಳ್ಳಿ. ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇದ್ದರೆ ಮೊದಲು ಅಲ್ಲಿಂದ ತೆಗೆಸಿ, ಆಮೇಲೆ ಈ ಕಡೆಗೆ ಸೇರಿಸಬೇಕು.